ಬೋಗುಣಿಯಲ್ಲಿ ಬಂದ ಲುಗತ್ತು

ನನ್ನ ಮಗಳಿಗೆ ಹದಿನಾಲ್ಕು ದಿನ ತುಂಬಿದ ಭಾನುವಾರ ಮಧ್ಯಾಹ್ನ ನಾನೊಂದು ತಪ್ಪು ಮಾಡಿದೆ. ಕೂಸಿಗೆ ಹಾಲು ಕೊಡುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ‘ಶಬೀನಾ’ ಎಂಬ ಹೆಸರಿಗೆ ಅರ್ಥವೇನೆಂದು ಹುಡುಕಿದೆ. ಮಕ್ಕಳ ಹೆಸರಿನ ಜಾಲತಾಣವೊಂದು ಗುಲಾಬಿ ಬಣ್ಣದ ಪುಟ ತೆರೆಯಿತು. ಮೂಲ: ಅರಬ್ಬಿ. ಅರ್ಥ: ಬಿರುಗಾಳಿಯ ಕಣ್ಣು. ಅದೃಷ್ಟ ಸಂಖ್ಯೆ ಎಂಟು.

ನನಗೆ ಮೊದಲೇ ಎಲ್ಲದಕ್ಕೂ ಜೀವ ಹಾರುತ್ತದೆ. ಕೂಸು ಹೆಚ್ಚು ಹೊತ್ತು ಮಲಗಿದರೆ ಉಸಿರು ಆಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಮುಂದೆ ಬೆರಳು ಹಿಡಿಯುವವಳು ನಾನು. ಬಿರುಗಾಳಿ ಎಂಬ ಮಾತು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಆ ಪುಟದ ಚಿತ್ರ ತೆಗೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ ‘ಇದು ಖರೇನಾ?’ ಎಂದು ಬರೆದೆ. ಅಷ್ಟೇ ನಾನು ಮಾಡಿದ್ದು. ಆದರೆ ಶಬೀನಾ ಎಂಬ ಹೆಸರಿನವರು ನಮ್ಮ ಮನೆಯಲ್ಲೇ ಇದ್ದರು. ಆ ಹೊತ್ತಿಗೆ ನನಗಾಗಿ ಅಡುಗೆಮನೆಯಲ್ಲಿ ಸಬ್ಬಸಿಗೆ ಹಾಕಿ ಗೋದಿ ಹುಗ್ಗಿ ಕುದಿಸುತ್ತಿದ್ದರು.

ಶಬೀನಾ ಫುಪ್ಪು ನನ್ನ ಗಂಡ ಜಮೀರನ ಸೋದರತ್ತೆ. ಕುಕನೂರಿನಲ್ಲಿ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಯಮನೂರಸಾಬರ ಹಿರಿಮಗಳು. ಹದಿನೇಳಕ್ಕೆ ಯಲಬುರ್ಗಾದ ಕಡೆಗೆ ಮದುವೆಯಾಗಿ ಹೋದರು. ನಾಲ್ಕು ವರ್ಷಕ್ಕೆ ಗಂಡ ಇನ್ನೊಂದು ಮನೆ ಮಾಡಿದ. ‘ಇಬ್ಬರೂ ಹೊಂದಿಕೊಂಡು ಇರ್ರಿ’ ಎಂದು ಹಿರಿಯರು ಹೇಳಿದರೆ ಇವರು, ‘ನಾ ಹೊಂದಿಕೊಳ್ಳೂದಿಲ್ಲ’ ಎಂದು ಒಂದೇ ಮಾತು ಹೇಳಿ, ತವರಿನಿಂದ ಬಂದ ತಾಮ್ರದ ಹಂಡೆಯನ್ನು ತಲೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿ, ಕುಷ್ಟಗಿಯಲ್ಲಿದ್ದ ಅಣ್ಣನ ಮನೆಗೆ ಬಂದರು. ಕೆಲವು ವರ್ಷಕ್ಕೆ ಅಣ್ಣ, ಅಂದರೆ ಜಮೀರನ ತಂದೆ, ತೀರಿಕೊಂಡ. ಆಗ ಜಮೀರನಿಗೆ ಮೂರು ವರ್ಷ. ಅತ್ತಿಗೆ ಹಾಸಿಗೆ ಹಿಡಿದಿದ್ದ ಆ ದಿನಗಳಲ್ಲಿ ಅವನನ್ನು ಕಂಕುಳಲ್ಲಿ ಎತ್ತಿಕೊಂಡೇ ಮದುವೆಮನೆಗಳ ಅಡುಗೆಗೆ ಹೋದರು. ಮುಂದೆ ಸರಕಾರಿ ಉರ್ದು ಶಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅಡುಗೆಗೆ ಸೇರಿದರು. ಈಗಲೂ ಅಲ್ಲೇ ಇದ್ದಾರೆ. ಶಾಲೆಗೆ ಹೋಗದ ಅವರು ಅಕ್ಷರ ಕಲಿತದ್ದು ಕೂಡ ಅಲ್ಲೇ. ಬೇಳೆ ಬೇಯುವಷ್ಟು ಹೊತ್ತು ಒಂದನೇ ತರಗತಿಯ ಬಾಗಿಲಲ್ಲಿ ಕೂತು, ಮಕ್ಕಳ ಜೊತೆಗೇ ಅಲಿಫ್, ಬೇ ಹೇಳಿ ಹೇಳಿ ಕಲಿತರು. ಒಬ್ಬ ಮಾಸ್ತರು ನಕ್ಕಾಗ, ‘ನಗ್ರಿ ಸರ್, ನಕ್ಕರ ಫೀಸ್ ಕೊಡೂದೇನೂ ಇಲ್ಲ’ ಎಂದಿದ್ದರಂತೆ.

ಹೆಣ್ಣು ಹುಟ್ಟಿದರೆ ಫುಪ್ಪುವಿನ ಹೆಸರೇ ಇಡಬೇಕೆಂದು ಜಮೀರ ನಮ್ಮ ಮದುವೆಗೆ ಮುಂಚೆಯೇ ಹೇಳಿದ್ದ. ನನಗೂ ಒಪ್ಪಿಗೆಯಿತ್ತು. ಇಪ್ಪತ್ತೊಂದನೇ ದಿನ ಅಖೀಖಾ, ಅಂದರೆ ಕೂಸಿನ ತಲೆಗೂದಲು ತೆಗೆಸಿ, ಕುರಿ ಕುರ್ಬಾನಿ ಮಾಡಿ, ಹೆಸರಿಡುವುದು ಎಂದು ಗೊತ್ತಾಗಿತ್ತು.

ನಾನು ಹಾಕಿದ ಚಿತ್ರಕ್ಕೆ ಮೊದಲ ಉತ್ತರ ಬಂದದ್ದು ಮಾಜೀದ ಚಾಚಾರಿಂದ. ಅವರು ಫುಪ್ಪುವಿನ ತಮ್ಮ. ಗಂಗಾವತಿಯಲ್ಲಿ ಟೈರಿನ ಅಂಗಡಿ ಇಟ್ಟಿದ್ದಾರೆ. ಬರೆಯುವುದಿಲ್ಲ, ಧ್ವನಿಯಲ್ಲೇ ಕಳಿಸುತ್ತಾರೆ.

“ನಾ ಮೊದಲಿಂದ ಹೇಳ್ತಿದ್ದೆ, ಯಾರೂ ಕೇಳಲಿಲ್ಲ. ನೋಡ್ರಿ ಈಗ, ಬಿರುಗಾಳಿ ಅಂತ. ನಮ್ಮ ಶಬೀನಾ ಆಪಾ ಹೋದ ಮನಿ ಯಾವುದು ಉಳೀತು? ಗಂಡನ ಮನಿ ಉಳೀಲಿಲ್ಲ, ಇಲ್ಲಿಗೆ ಬಂದಳು, ಅಣ್ಣ ಹೋದ. ನಾ ಕೆಟ್ಟದ್ದಕ್ಕ ಹೇಳೂದಿಲ್ಲ, ಹೆಸರಿನ ಅಸರ್ ಮನಷ್ಯಾನ ಮ್ಯಾಲೆ ಇರತದ. ಕೂಸಿಗೆ ಅದು ಬ್ಯಾಡ. ಅದರಾಗ ‘ಜಿಯಾನ್ಶಾ’ ಅಂತ ಒಂದು ಐತಿ. ಐದು ಸ್ಟಾರ್ ಕೊಟ್ಟಾರ. ಅರ್ಥ, ಜನ್ನತ್ತಿನ ಬಾಗಿಲ ಬೆಳಕು.”

ಅದನ್ನು ಫುಪ್ಪು ಕೇಳಿದರು. ನಾನು ತಕ್ಷಣ ಸದ್ದು ಇಳಿಸಲು ಹೋದೆ, ಬೆರಳು ತಪ್ಪಿ ಇನ್ನೂ ಜೋರಾಯಿತು. ಕೈಯಲ್ಲಿ ಹುಗ್ಗಿಯ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತವರು ಕೊನೆಯ ತನಕ ಕೇಳಿ, ಬಟ್ಟಲು ನನ್ನ ಮುಂದಿಟ್ಟರು.

“ಬಿಸಿ ಇದ್ದಾಗ ಉಣ್ಣ ಬೇಟಾ,” ಎಂದರು.

ನನ್ನ ಅತ್ತೆ ನೂರಜಹಾನಬಿ ಗಾಬರಿಯಾಗಿ ಗೋಡೆಗೆ ಒರಗಿದರು. ಅವರು ಫುಪ್ಪುವನ್ನು ಬಿಟ್ಟು ಒಂದು ತುತ್ತು ಉಂಡವರಲ್ಲ. ಆದರೂ, “ಮಾಜೀದ ಅನ್ನೂದೂ ಖರೇ ಇರಬಹುದೇನೋ ಶಬೀನಾ. ಫೋನಿನಾಗ ಬಂದದ ಅಂದ್ರ...” ಎಂದರು.

“ಫೋನಿನಾಗ ಬಂದ್ರ ಏನು ಭಾಬಿ? ನನ್ನ ಹೆಸರು ಇಟ್ಟಾವ ನಮ್ಮಪ್ಪ. ಫೋನಲ್ಲ. ರಮಜಾನಿನಾಗ, ಮಸೂತ್ಯಾಗ ಒಂದ ರಾತ್ರ್ಯಾಗ ಪೂರಾ ಕುರಾನ್ ಓದಿ ಮುಗಸ್ತಾರಲ್ಲ, ಅದಕ್ಕ ಶಬೀನಾ ಅಂತಾರ. ಅದು ನಡೆದಾಗ ನಾ ಹುಟ್ಟೀನಿ. ಅಪ್ಪ ನೂರು ಸಲ ಹೇಳ್ಯಾನ.”

ಇಲ್ಲಿ ನನ್ನ ಎರಡನೇ ತಪ್ಪನ್ನೂ ಒಪ್ಪಿಕೊಳ್ಳಬೇಕು. ಅವರ ಮಾತನ್ನು ನಾನು ನಂಬಲಿಲ್ಲ. ಕಲಾಯಿ ಹಾಕುವ ತಂದೆ ಮಗಳನ್ನು ರಮಿಸಲು ಹೇಳಿದ ಕಥೆ ಇರಬಹುದು ಎನ್ನಿಸಿತು. ಹುಬ್ಬಳ್ಳಿಯಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ನನಗೆ ಉರ್ದು ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ಹೀಗಾಗಿ ನನಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ, ಮತ್ತಷ್ಟು ಹುಡುಕಿದೆ. ಇನ್ನೂ ನಾಲ್ಕು ಜಾಲತಾಣಗಳು ಅದನ್ನೇ ಹೇಳಿದವು.

“ಫುಪ್ಪು, ಐದು ಕಡೆ ಹಂಗ ಐತ್ರಿ,” ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಫುಪ್ಪುವಿಗೆ ಸಿಟ್ಟು ಬಂದರೆ ಕೂಗುವುದಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ. ಸಿಕ್ಕಿಸಿದರು.

“ಹೋದ ವರ್ಷ ಸಾಲ್ಯಾಗ ಒಂದ ಹುಡುಗಿ ಸಾಂಬಾರಿನಾಗ ಹಲ್ಲಿ ಬಿದ್ದದ ಅಂದಳು. ತಾಟು ತೊಳೆಯೂದರಾಗ ನಲವತ್ತು ಮಂದಿ ಹಲ್ಲಿ ಹಲ್ಲಿ ಅಂತ ಕುಣದ್ರು. ಹೆಡ್‌ಮಾಸ್ತರು ‘ಇಷ್ಟು ಮಂದಿ ಹೇಳ್ತಾರಲ್ಲ ಶಬೀನಾಬಿ’ ಅಂದ್ರು. ನಾ ಒಬ್ಬೊಬ್ಬರನ್ನ ನಿಲ್ಲಿಸಿ ಕೇಳಿದೆ, ‘ನೀ ಕಣ್ಣಿಲೆ ನೋಡಿದ್ಯಾ?’ ಅಂತ. ಎಲ್ಲಾರೂ ‘ಅಕಿ ಹೇಳಿದ್ಲು, ಇವ ಹೇಳಿದ’ ಅಂದ್ರು. ಕಡೀಕ ಆ ಹುಡುಗಿ ನೋಡಿದ್ದು ಕರಿಬೇವಿನ ಕಡ್ಡಿ. ಈಗ ಹೇಳು, ಐದು ಮಂದಿ ನೋಡ್ಯಾರೋ, ಒಬ್ಬ ಹೇಳಿದ್ದನ್ನ ಐದು ಮಂದಿ ಅಂದಾರೋ?”

ನಾನು ಐದೂ ಪುಟಗಳನ್ನು ಪಕ್ಕಪಕ್ಕ ತೆರೆದು ಓದಿದೆ. ಐದರಲ್ಲೂ ಅದೇ ವಾಕ್ಯ. ಬಿರುಗಾಳಿ ಎಂಬುದರ ಇಂಗ್ಲಿಷ್ ಪದದಲ್ಲಿ ಅಕ್ಷರಗಳು ಹಿಂದುಮುಂದಾಗಿದ್ದವು. ಆ ತಪ್ಪು ಐದು ಕಡೆಯೂ ಹಾಗೇ ಇತ್ತು. ಒಂದರಲ್ಲೂ ಯಾವ ನಿಘಂಟಿನಿಂದ ತೆಗೆದದ್ದು, ಯಾರು ಹೇಳಿದ್ದು ಎಂಬ ಒಂದು ಸಾಲಿಲ್ಲ. ನನಗೆ ನಾಚಿಕೆಯಾಯಿತು. ಕಾಲೇಜಿನಲ್ಲಿ ಪ್ರಾಜೆಕ್ಟ್ ಬರೆದಾಗ ಆಕರಗಳ ಪಟ್ಟಿ ಇಲ್ಲವೆಂದು ಮೇಡಂ ಅದನ್ನು ತಿರುಗಿ ಎಸೆದದ್ದು ನೆನಪಾಯಿತು.

ಮತ್ತೊಂದು ಯೋಚನೆ ಬಂತು. ಆ ಗುಲಾಬಿ ಪುಟದ ಹುಡುಕುವ ಜಾಗದಲ್ಲಿ ಸುಮ್ಮನೆ ‘ಕುಷ್ಟಗಿ’ ಎಂದು ಬರೆದು, ಹೆಣ್ಣು ಕೂಸು ಎಂದು ಗುರುತು ಹಾಕಿದೆ. ಕ್ಷಣದಲ್ಲಿ ಬಂತು. ಕುಷ್ಟಗಿ, ಮೂಲ ಅರಬ್ಬಿ, ಅರ್ಥ ಸ್ವರ್ಗದ ಹೂವು, ಅದೃಷ್ಟ ಸಂಖ್ಯೆ ನಾಲ್ಕು.

ಓದಿ ಹೇಳಿದೆ. ಫುಪ್ಪು ಬಾಯಿಗೆ ಸೆರಗು ಒತ್ತಿ ನಕ್ಕರು. “ಹೌದೇನವಾ! ಬಸ್‌ಸ್ಟ್ಯಾಂಡ್ ಮುಂದಿನ ಗಟಾರ ಒಂದ ಸಲ ಮೂಸಿ ನೋಡ್ರಿ ಅಂತ ಹೇಳು ಅವರಿಗೆ, ಎಂಥಾ ಹೂವು ಅಂತ ತಿಳೀತದ.”

ನಕ್ಕ ಮೇಲೆ ಮುಖ ಗಟ್ಟಿಯಾಯಿತು. “ಅವರದು ಸುಳ್ಳು ಅಂದ ಮಾತ್ರಕ್ಕ ನಂದು ಖರೇ ಆಗೂದಿಲ್ಲ. ಅಪ್ಪ ಹೇಳಿದ್ದೂ ಒಬ್ಬ ಮನಷ್ಯಾನ ಮಾತ. ಸಾಲಿ ಕಪಾಟಿನಾಗ ದೊಡ್ಡ ಲುಗತ್ ಐತಿ, ಇಪ್ಪತ್ತು ವರ್ಷ ನಾನ ಧೂಳ ಒರಸೀನಿ. ಅದರಾಗ ಏನೈತೋ ನೋಡೂಣು. ಬಿರುಗಾಳಿ ಅಂತ ಇದ್ರ ನಾನ ಬ್ಯಾಡಂತೀನಿ, ಇಡಬ್ಯಾಡ್ರಿ.”

ಲುಗತ್ ಅಂದರೆ ನಿಘಂಟು. ಹೆತ್ತವಳು ನಲವತ್ತು ದಿನ ಹೊಸ್ತಿಲು ದಾಟುವಂತಿಲ್ಲವಾದ್ದರಿಂದ ನಾನು ಶಾಲೆಗೆ ಹೋಗುವ ಹಾಗಿರಲಿಲ್ಲ. ಲುಗತ್ತೇ ಮನೆಗೆ ಬಂತು. ಮರುದಿನ ಸಂಜೆ ಫುಪ್ಪು ಅನ್ನ ಬಸಿಯುವ ದೊಡ್ಡ ಬೋಗುಣಿಯನ್ನು ತಲೆಯ ಮೇಲಿಟ್ಟುಕೊಂಡು ಬಂದರು. ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಬೈಂಡು ಹರಿದು ಹಾಳೆ ಬಿಡಿಬಿಡಿಯಾದ ಪುಸ್ತಕ ಗಾಳಿಗೆ ಹಾರಬಾರದು, ಬಗಲಲ್ಲಿ ಹಿಡಿದರೆ ಮುರಿಯಬಾರದು ಎಂದು ಅವರೇ ಕಂಡುಕೊಂಡ ಉಪಾಯ. ಹಿಂದೆ ಅದೇ ಶಾಲೆಯ ಅತೀಯಾ ಟೀಚರ್ ಬಂದರು. ಕಪಾಟಿನ ಕೀಲಿ ಅವರದು. ವಹಿಯಲ್ಲಿ ಸಹಿ ಮಾಡಿ ಹೊರಗೆ ತಂದಿದ್ದರು.

“ಓಣ್ಯಾಗ ಎಲ್ಲಾರೂ ‘ಶಬೀನಾಬಿ, ಏನ್ ಬಿರಿಯಾನಿ?’ ಅಂತ ಕೇಳಿದ್ರು. ‘ಹೌದ್ರಿ, ಮಾಜೀದಗ’ ಅಂದೆ,” ಎಂದರು ಫುಪ್ಪು ಬೋಗುಣಿ ಇಳಿಸುತ್ತ.

ಟೀಚರ್ ಹಾಳೆ ಮುಟ್ಟಲಿಲ್ಲ. “ಮೊದಲು ಜಾಲತಾಣ ಏನ್ ಹೇಳ್ತದ ಅದನ್ನ ಹಿಡಿಯೂಣು. ಅರಬ್ಬಿ ಅಂತದ. ಬಿರುಗಾಳಿ ಅಂತದ, ಕಣ್ಣು ಅಂತದ. ಆದ್ರ ಆ ಭಾಷಾದಾಗ ಬಿರುಗಾಳಿಗೆ ಏನಂತಾರ, ಕಣ್ಣಿಗೆ ಏನಂತಾರ? ಆ ಶಬ್ದ ಈ ಹೆಸರಿನಾಗ ಎಲ್ಲೈತಿ, ಹುಡುಕೂಣು. ಅರಬ್ಬ್ಯಾಗ ಬಿರುಗಾಳಿಗೆ ಆಸಿಫಾ, ಕಣ್ಣಿಗೆ ಐನ್. ಶಬೀನಾದಾಗ ಕಾಣತಾವೇನು?”

“ಇಲ್ರಿ,” ಎಂದೆ.

“ಫಾರ್ಸಿ ನೋಡೂಣು. ತೂಫಾನ್, ಚಶ್ಮ್. ನಾವು ಕಣ್ಣಿಗೆ ಹಾಕ್ಕೋತೀವಲ್ಲ ಚಷ್ಮಾ, ಆ ಚಶ್ಮ್. ಅದೂ ಇಲ್ಲ. ಅಂದ್ರ ಹೇಳಿದ ಅರ್ಥದ ಒಂದು ತುಂಡೂ ಈ ಹೆಸರಿನಾಗ ಇಲ್ಲ. ಈಗ ಲುಗತ್ ತೆಗೀರಿ.”

ತೆಗೆದವರು ಫುಪ್ಪು. ಯಾರೂ ತಡೆಯಲಿಲ್ಲ. ಮಸಾಲೆ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡು, ತುಟಿ ಅಲ್ಲಾಡಿಸುತ್ತ, ಶೀನ್ ಅಕ್ಷರದ ಹಾಳೆಗಳಿಗೆ ಬಂದರು. ಆಮೇಲೆ ಬೇ. ಆಮೇಲೆ ಯೇ, ನೂನ್, ಹೇ. ತಮ್ಮ ಹೆಸರು ಅಚ್ಚಿನಲ್ಲಿ ಕಂಡಾಗ ಬೆರಳು ನಿಂತಿತು. ಬೆರಳಿನ ಕೆಳಗಿನ ಸಾಲನ್ನು ಓದಲು ಅವರಿಗೆ ತುಂಬ ಹೊತ್ತು ಹಿಡಿಯಿತು. ನಾನು ಆತುರದಿಂದ ಟೀಚರ್ ಕಡೆ ನೋಡಿದೆ, ಅವರು ಕಣ್ಣಲ್ಲೇ ಸುಮ್ಮನಿರಲು ಹೇಳಿದರು.

“ರಾತ್ರಿಯದು,” ಎಂದು ಫುಪ್ಪು ಓದಿದರು. “ರಾತ್ರಿ ಉಳಿದದ್ದು, ಬಾಸಿ. ಆಮ್ಯಾಲೆ... ಒಂದ ರಾತ್ರ್ಯಾಗ ಮುಗಸೂ ಕುರಾನ್ ಪಠಣ.” ತಲೆ ಎತ್ತಿ ಅತ್ತೆಯ ಕಡೆ ನೋಡಿದರು. “ಕೇಳಿದ್ಯಾ ಭಾಬಿ? ನಮ್ಮಪ್ಪಗ ಓದಾಕ ಬರ್ತಿರಲಿಲ್ಲ. ಆದ್ರ ಅಚ್ಚಿನಾಗ ಇದ್ದದ್ದನ್ನ ಹೇಳ್ಯಾನ.”

ಶಬ್ದದ ಪಕ್ಕದಲ್ಲಿದ್ದ ಸಣ್ಣ ಅಕ್ಷರವೊಂದನ್ನು ಟೀಚರ್ ನನಗೆ ತೋರಿಸಿದರು. ಶಬ್ದ ಯಾವ ಭಾಷೆಯಿಂದ ಬಂತೆಂದು ಹೇಳುವ ಗುರುತು ಅದು. ಐನ್ ಎಂಬ ಅಕ್ಷರ ಇದ್ದರೆ ಅರಬ್ಬಿ, ಫೇ ಇದ್ದರೆ ಫಾರ್ಸಿ. ಇಲ್ಲಿ ಫೇ ಇತ್ತು. ಜಾಲತಾಣ ಭಾಷೆಯನ್ನೂ ತಪ್ಪು ಹೇಳಿತ್ತು.

“ಶಬ್ ಅಂದ್ರ ರಾತ್ರಿ,” ಎಂದರು ಟೀಚರ್. “ಶಬ್-ಎ-ಬರಾತ್ ಅಂತೀವಿ. ಶಬನಮ್ ಅಂದ್ರ ಇಬ್ಬನಿ, ರಾತ್ರಿಯ ತೇವ. ಕಡೀಕ ಬರೂ ‘ಈನಾ’ ಅಂದ್ರ ‘ಅದಕ್ಕ ಸೇರಿದ್ದು’. ರೋಜ್‌ದಿಂದ ರೋಜೀನಾ, ದಿನದ್ದು. ದೇರ್‌ದಿಂದ ದೇರೀನಾ, ಭಾಳ ಹಳೇದು. ಹಿಂಗ ಶಬ್ದಗಳ ಒಂದ ಕುಟುಂಬ ಸಿಕ್ಕರ ಧೈರ್ಯ ಬರತದ.”

ನನಗೆ ಹುರುಪು ಬಂತು. “ಹಂಗಾದ್ರ ನಮ್ಮ ಕನ್ನಡದ ಶಬ್ದ ಅನ್ನೂದೂ ಇದರಿಂದ ಬಂದದ್ದ?”

“ಇಲ್ಲಮ್ಮಾ. ಅದು ಸಂಸ್ಕೃತದ್ದು, ಇದಕ್ಕ ಅದಕ್ಕ ಸಂಬಂಧ ಇಲ್ಲ. ಮುಖ ಹೋಲತದ ಅಂತ ಎಲ್ಲಾರೂ ಅಣ್ಣತಮ್ಮಂದಿರು ಆಗೂದಿಲ್ಲ. ಜಾಲತಾಣದವರು ಮಾಡೂದೂ ಇದನ್ನ, ಕೇಳಿಸಿದ್ದಕ್ಕ ಅರ್ಥ ಹಚ್ಚತಾರ.”

ಟೀಚರ್ ಅಷ್ಟಕ್ಕೇ ಬಿಡಲಿಲ್ಲ. ಒಂದೇ ಲುಗತ್ತನ್ನು ನೆಚ್ಚಬಾರದು, ಅದನ್ನು ಬರೆದವನೂ ಮನುಷ್ಯನೇ ಎಂದು ತಮ್ಮ ಫೋನಿನಲ್ಲಿ ಬೇರೆ ಕಾಲದಲ್ಲಿ ಬೇರೆಯವರು ಮಾಡಿದ ಹಳೆಯ ಉರ್ದು–ಇಂಗ್ಲಿಷ್ ನಿಘಂಟಿನ ಹಾಳೆ ತೆಗೆದರು. ಅದನ್ನು ನಾನೇ ಓದಿದೆ. ಅಲ್ಲೂ ಫಾರ್ಸಿ, ಅಲ್ಲೂ ರಾತ್ರಿ. ಬಿರುಗಾಳಿ ಎಲ್ಲಿಂದ ಬಂತೆಂದು ಕೇಳಿದರೆ ಟೀಚರ್ ಕೈ ತಿರುವಿ, “ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕ ನಾ ಕಥಿ ಕಟ್ಟೂದಿಲ್ಲ,” ಎಂದರು. ಜಿಯಾನ್ಶಾ ಎಂಬುದು ಎರಡರಲ್ಲೂ ಸಿಗಲಿಲ್ಲ. ಅದಕ್ಕೂ ಅವರು, “ನನಗ ಸಿಗಲಿಲ್ಲ, ಅಷ್ಟ. ಸಿಗೂತನ ಅದರ ಅರ್ಥ ನನಗ ಗೊತ್ತದ ಅಂತ ಹೇಳಬಾರದು,” ಎಂದರು.

ಟೀಚರ್ ಹೊರಡುವಾಗ ನಾನು ಮೆಲ್ಲಗೆ, “ಆ ‘ಬಾಸಿ’ ಅನ್ನೂದನ್ನ ಯಾರ ಮುಂದೂ ಹೇಳೂದು ಬ್ಯಾಡ್ರಿ,” ಎಂದೆ. ತಂಗಳು ಎಂಬ ಅರ್ಥ ಮಾಜೀದ ಚಾಚಾರ ಬಾಯಿಗೆ ಸಿಕ್ಕರೆ ಏನಾದೀತೆಂದು ನನಗೆ ಆಗಲೇ ಹೆದರಿಕೆ.

ಒಳಗಿಡಲು ಬೋಗುಣಿ ಎತ್ತುತ್ತಿದ್ದ ಫುಪ್ಪು ಅದನ್ನು ಕೆಳಗಿಟ್ಟರು. “ಯಾಕ? ಅವರು ಬೇಕಾದ್ದು ಬರದ್ರು ಅಂತ ಬೈದಿ. ನೀ ಬ್ಯಾಡಾದ್ದು ಮುಚ್ಚಿದ್ರ ಏನು ಬದಲಾತು? ಎಲ್ಲಾ ಹೇಳೂಣು. ರಾತ್ರಿ ಉಳಿದ ರೊಟ್ಟಿ ಮುಂಜಾನೆ ತಿಂದ ಬೆಳದದ್ದು ಈ ಮನಿ. ನನಗೇನ ನಾಚಿಕಿ ಇಲ್ಲ.”

ಇಪ್ಪತ್ತೊಂದನೇ ದಿನ ಬಂತು. ಹೊರಕೋಣೆಯಲ್ಲಿ ಗಂಡಸರು, ಮೌಲಾನಾ ಸಾಹೇಬರು, ಒಳಗೆ ನಾವು, ನಡುವೆ ಪರದೆ. ಕೂಸಿನ ಬೋಳುತಲೆಗೆ ಗಂಧ ಹಚ್ಚಿದ್ದರು, ಹಿತ್ತಲಿನಲ್ಲಿ ಬಿರಿಯಾನಿಯ ಡೇಗು ಕುದಿಯುತ್ತಿತ್ತು. ಮೌಲಾನಾ ಹೆಸರು ಕೇಳಿದರು. ಜಮೀರ ಬಾಯಿ ತೆರೆಯುವ ಮುನ್ನವೇ ಮಾಜೀದ ಚಾಚಾರ ದನಿ ಬಂತು.

“ಒಂದ ಮಿನಿಟ್. ಲುಗತ್ ನೋಡ್ಯಾರಂತ, ಕೇಳೀನಿ. ಅದರಾಗನ ಫಾರ್ಸಿ ಅಂತ ಬಂದದ. ಅರಬ್ಬಿ ಅಲ್ಲ ಅಂದ ಮ್ಯಾಲೆ ಅದು ನಮ್ಮ ದೀನ್-ಧರ್ಮದ ಹೆಸರು ಹೆಂಗಾಗತದ?”

ಹೊರಗೆ ಗುಜುಗುಜು ಎದ್ದಿತು. ಹಿರಿಯರ ಮುಂದೆ ಜಮೀರನಿಗೆ ಮಾತು ಹೊರಡುವುದಿಲ್ಲ. ಆ ಗದ್ದಲಕ್ಕೆ ಎಚ್ಚರವಾದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೆ. ಹೆದರಿಕೆ ಹೋಗಲಿ ಎಂದು ಕಾಯುತ್ತ ಕೂತರೆ ಹೆಸರು ಕೈಬಿಟ್ಟು ಹೋಗುತ್ತದೆ ಎನ್ನಿಸಿತು. ಪರದೆಯ ಹಿಂದಿನಿಂದಲೇ ಹೇಳಿದೆ.

“ಚಾಚಾ, ನಮಾಜ್ ಅನ್ನೂದು ಯಾವ ಭಾಷಾ?”

ಉತ್ತರಕ್ಕೆ ಕಾಯದೆ ನಾನೇ ಮುಂದುವರಿಸಿದೆ.

“ಅರಬ್ಬ್ಯಾಗ ಸಲಾತ್ ಅಂತಾರ. ನಮಾಜ್ ಫಾರ್ಸಿ. ರೋಜಾನೂ ಫಾರ್ಸಿ, ಅರಬ್ಬ್ಯಾಗ ಅದಕ್ಕ ಸೌಮ್. ನಮ್ಮ ಅತ್ತಿಯವರ ಹೆಸರಿನ ಜಹಾನ್ ಫಾರ್ಸಿ. ಇವನ್ನೆಲ್ಲಾ ಬಿಡೂಣೇನ್ರಿ? ನಾನ ಆ ಚಿತ್ರ ಹಾಕಿದಾಕಿ, ತಪ್ಪು ನಂದು. ಅದರ ಅರ್ಥಕ್ಕ ಆಧಾರ ಇಲ್ಲ. ಎರಡು ಲುಗತ್ ನೋಡೀವಿ. ಶಬೀನಾ ಅಂದ್ರ ರಾತ್ರಿಯದು. ರಾತ್ರಿ ಉಳಿದ ತಂಗಳಿಗೂ ಅಂತಾರ, ಅದನ್ನೂ ಹೇಳ್ತೀನಿ. ರಮಜಾನಿನ ರಾತ್ರಿ ಕುರಾನ್ ಪಠಣಕ್ಕೂ ಅಂತಾರ. ನೀವು ನಂಬಿದ ಜಾಲತಾಣ ಕುಷ್ಟಗಿ ಅಂದ್ರ ಸ್ವರ್ಗದ ಹೂವು ಅಂತದ, ಅದೂ ಅರಬ್ಬ್ಯಾಗ. ಬೇಕಂದ್ರ ಈಗ ಬರದು ನೋಡ್ರಿ.”

ಯಾರೋ ಬರೆದು ನೋಡಿದರು ಅನ್ನಿಸುತ್ತದೆ. ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮೌಲಾನಾ ಗಂಟಲು ಸರಿ ಮಾಡಿಕೊಂಡು, ಶಬೀನಾದ ಬಗ್ಗೆ ಹುಡುಗಿ ಹೇಳಿದ್ದು ಸರಿ, ಹೆಸರು ಫಾರ್ಸಿ ಇದ್ದರೆ ಅಡ್ಡಿಯಿಲ್ಲ, ಅರ್ಥ ಕೆಟ್ಟದ್ದಿರಬಾರದು ಅಷ್ಟೇ ಎಂದರು.

“ತಂಗಳು ಅಂದಳಲ್ಲ,” ಎಂದು ಚಾಚಾ ಇನ್ನೂ ಎಳೆದರು.

ಅಷ್ಟರಲ್ಲಿ ಹಿತ್ತಲಿನಿಂದ ಫುಪ್ಪು ಬಂದರು. ಕೈಯಲ್ಲಿ ಡೇಗಿನ ದೊಡ್ಡ ಸೌಟು. ಪರದೆಯನ್ನು ಬದಿಗೆ ಸರಿಸಿ ಬಾಗಿಲಲ್ಲೇ ನಿಂತರು.

“ಏ ಮಾಜೀದ. ಐವತ್ತೆಂಟು ವರ್ಷ ಆತು ಈ ಹೆಸರು ಹೊತ್ತು. ಗಂಡ ಇನ್ನೊಂದ ಮನಿ ಮಾಡಿದ್ದು ಅವನ ಕೆಲಸ, ಹೆಸರಿನದಲ್ಲ. ಅಣ್ಣ ಹೋದದ್ದು ಅಲ್ಲಾನ ಮರ್ಜಿ. ಅವ ಹೋದ ಮ್ಯಾಲೆ ನಿನ್ನ ಮದುವಿ ಅಡಗಿ ಮಾಡಿದಾಕಿ ಯಾರು? ಬಿರುಗಾಳಿನಾ? ಹೆಸರು ಕೊಡೂದು ಬಿಡೂದು ಕೂಸಿನ ತಾಯಿ-ತಂದಿ ನೋಡ್ತಾರ. ನಂದು ಸುಳ್ಳು ಅರ್ಥ ಮಾತ್ರ ಹೇಳಬ್ಯಾಡ, ನಾ ಕೇಳಿಸ್ಕೊಂಡು ಸುಮ್ಮನ ಇರಾಕಿ ಅಲ್ಲ. ಇನ್ನೂ ಮಾತಾಡೂದಿದ್ರ ಮಾತಾಡ, ಅಲ್ಲಿ ಅನ್ನ ತಳ ಹಿಡೀತೈತಿ.”

ಚಾಚಾ ಒಪ್ಪಿದರೆಂದು ಈಗಲೂ ನಾನು ಹೇಳಲಾರೆ. ಆ ದಿನ ಮುಖ ಗಂಟಿಕ್ಕಿಕೊಂಡೇ ಎರಡು ಸಲ ಬಿರಿಯಾನಿ ಹಾಕಿಸಿಕೊಂಡರು. ಜಮೀರ ಎದ್ದು ನಿಂತು, ಅವನ ಜೀವನದಲ್ಲಿ ಮೊದಲ ಸಲ ಹಿರಿಯರ ನಡುವೆ ಗಟ್ಟಿಯಾಗಿ, “ಶಬೀನಾ” ಎಂದ. ಮೌಲಾನಾ ದುವಾ ಮಾಡಿದರು.

ಮರುದಿನ ಬೆಳಿಗ್ಗೆ ಫುಪ್ಪು ಶಾಲೆಗೆ ಹೊರಟಿದ್ದರು. ಲುಗತ್ತನ್ನು ಬಟ್ಟೆಯಲ್ಲಿ ಸುತ್ತಿ ಬೋಗುಣಿಯಲ್ಲಿಟ್ಟಿದ್ದರು. ಟೀಚರ್‌ಗೆ ಹೇಳಿ ಒಂದು ವಾರ ಮನೆಯಲ್ಲೇ ಇಟ್ಟುಕೊಂಡು, ಹರಿದ ಬೈಂಡಿಗೆ ತಾವೇ ಗೋದಿಹಿಟ್ಟಿನ ಅಂಟು ಹಚ್ಚಿ ದಪ್ಪ ಕಾಗದ ಮೆತ್ತಿದ್ದರು. ಒಳಗೆ ಕೂಸು ಅಳಲು ಶುರು ಮಾಡಿತು. ಇಪ್ಪತ್ತು ದಿನ ಅವರು ಅದನ್ನು ಗುಡ್ಡಿ, ಗುಡ್ಡಿ ಎಂದೇ ಕರೆದಿದ್ದರು. ಬೋಗುಣಿ ತಲೆಯ ಮೇಲೇರಿಸಿಕೊಂಡವರು ಹೊಸ್ತಿಲಲ್ಲಿ ತಿರುಗಿ ನಿಂತರು. ತಮ್ಮ ಹೆಸರನ್ನು ತಾವೇ ಕೂಗುವ ಅಭ್ಯಾಸ ಯಾರಿಗಿರುತ್ತದೆ? ಒಂದು ಸಲ ತಮ್ಮಷ್ಟಕ್ಕೇ ಹೇಳಿ ನೋಡಿಕೊಂಡರು. ಆಮೇಲೆ ಇಡೀ ಓಣಿಗೆ ಕೇಳುವಂತೆ ಕೂಗಿದರು.

“ಏ ಶಬೀನಾ! ಯಾಕ ಅಳ್ತಿ? ಬರ್ತೀನಿ ತಡಿ!”